ಅಂಗಳದ ಮನೆಯ ತಂಪು: ಗೋವೆಯ ಕುಂಡಯಿ ಸೀಮೆಯ ರಾಜಾಂಗಣ

ನಡುವೆ ಆಕಾಶಕ್ಕೆ ತೆರೆದ ಚೌಕ ಬಿಟ್ಟು, ಅದರ ಸುತ್ತ ಜಗಲಿ, ಜಗಲಿಯ ಹಿಂದೆ ಕೋಣೆಗಳು ಬರುವಂತೆ ಕಟ್ಟಿದ ಮನೆಗೆ ಮಲೆನಾಡಿನಲ್ಲೂ ಹಳೆ ಮೈಸೂರಿನಲ್ಲೂ ತೊಟ್ಟಿಮನೆ ಎನ್ನುತ್ತಾರೆ. ಗೋವೆಯ ಹಿಂದೂ ಮನೆಗಳಲ್ಲಿ ಆ ಚೌಕದ ಹೆಸರು ರಾಜಾಂಗಣ. ಅದರ ಮಧ್ಯದಲ್ಲಿ ತುಳಸಿ ವೃಂದಾವನ ಇರುತ್ತದೆ. ಇಂಥ ಮನೆಗಳ ಒಳಗೆ ಬೇಸಿಗೆಯಲ್ಲೂ ತಂಪಾಗಿರುತ್ತದೆ ಎಂಬ ಮಾತು ನಿಜ. ಆದರೆ ಆ ತಂಪು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ, ಅಂದರೆ ಅಂಗಳವು ಬಿಸಿಗಾಳಿಯನ್ನು ಮೇಲಕ್ಕೆ ಎಳೆದು ಹೊರಹಾಕುತ್ತದೆ ಎಂಬುದು, ಕರಾವಳಿಯ ಮಟ್ಟಿಗೆ ಅರ್ಧ ಮಾತ್ರ ಸರಿ. ಇಲ್ಲಿ ಗೋಡೆಯ ಕೆಲಸ ಬೇರೆ, ಗಾಳಿಯ ಕೆಲಸ ಬೇರೆ. ವರ್ಷದ ಒಂದು ಭಾಗದಲ್ಲಿ ಒಂದು ದುಡಿದರೆ ಇನ್ನೊಂದು ಭಾಗದಲ್ಲಿ ಮತ್ತೊಂದು ದುಡಿಯುತ್ತದೆ.

ಕುಂಡಯಿ ಗೋವೆಯ ಫೋಂಡಾ ತಾಲ್ಲೂಕಿನ ಹಳ್ಳಿ, ನವದುರ್ಗಾ ದೇವಾಲಯದ ಊರು. ಮಾಂಡೋವಿ ಮತ್ತು ಜುವಾರಿ ನದಿಗಳ ನಡುವಿನ ಈ ಸೀಮೆಗೆ ಅಂತ್ರುಜ್ ಎಂಬ ಹಳೆಯ ಹೆಸರಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ತಿಸವಾಡಿ, ಸಾಷ್ಟಿಗಳಿಂದ ದೇವರುಗಳನ್ನೂ ಕುಟುಂಬಗಳನ್ನೂ ದಾಟಿಸಿ ತಂದದ್ದು ಇತ್ತಲಿನ ಹಳ್ಳಿಗಳಿಗೇ. ಮುಂದೆ ಈ ಪ್ರದೇಶ ಸೋಂದೆಯ ಅರಸರ ಕೈಯಲ್ಲಿತ್ತು. ಹೈದರಾಲಿ ಸೋಂದೆಯ ಮೇಲೆ ಏರಿಬಂದ ಕಾಲದಲ್ಲಿ, 1763ರಲ್ಲಿ, ಫೋಂಡಾ ಪೋರ್ಚುಗೀಸರ ವಶವಾಯಿತು. ಹೀಗಾಗಿ ಹಳೆಯ ಗೋವೆಯ ಕ್ರೈಸ್ತ ಮನೆಗಳು ಬೀದಿಗೆ ಮುಖಮಾಡಿ ಮುಂಭಾಗದ ಬಲ್ಕಾಂವ್ ಕಡೆಗೆ ತೆರೆದುಕೊಂಡರೆ, ಅಂತ್ರುಜಿನ ದೊಡ್ಡ ಮನೆಗಳು ಒಳಮುಖವಾಗಿ, ರಾಜಾಂಗಣದ ಸುತ್ತ ಉಳಿದುಕೊಂಡವು. ಮನೆಯ ಹಿಂದೆ ಕುಳಾಗರ, ಅಂದರೆ ಅಡಿಕೆ, ತೆಂಗು, ಬಾಳೆ, ಕಾಳುಮೆಣಸುಗಳ ನೀರಾವರಿ ತೋಟ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ಭೂಮಿಯೂ ತೋಟವೂ ಅಪರಿಚಿತವೆನಿಸವು.

ಗೋಡೆಗೆ ಬಳಸಿದ್ದು ಚಿರೆಕಲ್ಲು. ನಮ್ಮ ಕರಾವಳಿಯಲ್ಲಿ ಮುರಕಲ್ಲು, ಕೆಂಪುಕಲ್ಲು ಎನ್ನುವುದೂ ಅದನ್ನೇ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ನೆಲದಿಂದ ಕಡಿದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ರಂಧ್ರಗಳಿರುವುದರಿಂದ ಗ್ರಾನೈಟಿನಷ್ಟು ಬೇಗ ಶಾಖವನ್ನು ದಾಟಿಸುವುದಿಲ್ಲ. ಆದರೆ ತೂಕವಿರುವುದರಿಂದ ಶಾಖವನ್ನು ಹಿಡಿದಿಡುವ ಶಕ್ತಿ ಚೆನ್ನಾಗಿದೆ. ಒಣಗಿದ ಕಲ್ಲಿನ ಒಂದು ಘನ ಮೀಟರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 16 ಲಕ್ಷ ಜೂಲ್ ಬೇಕು ಎಂದು ಲೆಕ್ಕ ಹಿಡಿಯಬಹುದು. ಅಷ್ಟೇ ಗಾತ್ರದ ಗಾಳಿಗೆ ಸಾಕಾಗುವುದು ಸುಮಾರು 1,200 ಜೂಲ್.

ಹೀಗೆ ಶಾಖವನ್ನು ನುಂಗಿ ಇಟ್ಟುಕೊಂಡು ನಿಧಾನವಾಗಿ ಬಿಡುವ ಗೋಡೆ, ನೆಲಗಳ ಭಾರವನ್ನು ಉಷ್ಣರಾಶಿ ಎನ್ನುತ್ತಾರೆ. ಬಿಸಿಲಿನ ಶಾಖ ಗೋಡೆಯೊಳಕ್ಕೆ ಅಲೆಯಂತೆ ಇಳಿಯುತ್ತದೆ. ಹಗಲಿನ ಏರು, ರಾತ್ರಿಯ ಇಳಿತ ಎರಡೂ ಆಳಕ್ಕೆ ಹೋದಂತೆ ಸಣ್ಣದಾಗುತ್ತವೆ ಮತ್ತು ತಡವಾಗುತ್ತವೆ. ಚಿರೆಕಲ್ಲಿನಲ್ಲಿ ಸುಮಾರು 11 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಏರಿಳಿತ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಇನ್ನೂ ಅಷ್ಟೇ ಆಳಕ್ಕೆ ಹೋದರೆ ಒಂಬತ್ತನೆಯ ಒಂದು ಭಾಗ. ಇಪ್ಪತ್ತಮೂರು ಸೆಂಟಿಮೀಟರಿನ ಗೋಡೆಯಲ್ಲಿ ಹೊರಗಿನ ಬಿಸಿ ಒಳಮೈ ಮುಟ್ಟಲು ಎಂಟು ಗಂಟೆ ಹಿಡಿದರೆ, ನಲವತ್ತು ಸೆಂಟಿಮೀಟರಿನ ಗೋಡೆಯಲ್ಲಿ ಹದಿನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಒಳಗೆ ತಲುಪುವ ಏರಿಳಿತ ಅಳೆಯಲೂ ಕಷ್ಟವಾಗುವಷ್ಟು ಕ್ಷೀಣವಾಗಿರುತ್ತದೆ.

ಆದ್ದರಿಂದ ಅರವತ್ತು, ಎಪ್ಪತ್ತು ಸೆಂಟಿಮೀಟರ್ ದಪ್ಪದ ಹಳೆಯ ಗೋಡೆಯ ಹೆಚ್ಚಿನ ದಪ್ಪ ತಂಪಿಗಾಗಿ ಅಲ್ಲ. ಭಾರ ಹೊರಲು ಮತ್ತು ಮಳೆ ತಡೆಯಲು ಅದು ಬೇಕು. ದಿನದ ಲೆಕ್ಕದಲ್ಲಿ ಕೋಣೆಗೆ ಉಪಕಾರ ಮಾಡುವುದು ಗೋಡೆಯ ಒಳಮೈಯ ಹತ್ತು ಸೆಂಟಿಮೀಟರ್ ಮಾತ್ರ. ಹಗಲು ಒಳಗೆ ನುಗ್ಗಿದ ಶಾಖವನ್ನು, ಮನುಷ್ಯರ ಮೈಯ, ಒಲೆಯ ಶಾಖವನ್ನು ಅದು ಹೀರುತ್ತದೆ. ಗೋಡೆಯ ಮೈ ಗಾಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೆ ಪಕ್ಕದಲ್ಲಿ ಕುಳಿತವನ ಮೈಶಾಖ ನೇರವಾಗಿ ಗೋಡೆಗೆ ಹರಿಯುತ್ತದೆ. ಹಳೆಯ ಮನೆಯ ಹೊಸ್ತಿಲು ದಾಟಿದ ಕೂಡಲೇ ಹಾಯೆನಿಸುವುದಕ್ಕೆ ಇದೇ ಮುಖ್ಯ ಕಾರಣ. ಆ ಹೊತ್ತಿನಲ್ಲಿ ಗಾಳಿಯ ಉಷ್ಣಾಂಶದಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ.

ಇನ್ನು ಮಿತಿಯ ಮಾತು. ಉಷ್ಣರಾಶಿ ತಂಪನ್ನು ಹುಟ್ಟಿಸುವುದಿಲ್ಲ. ಹಗಲಿನ ಬಿಸಿಯನ್ನೂ ರಾತ್ರಿಯ ತಂಪನ್ನೂ ಬೆರೆಸಿ ಸರಾಸರಿಗೆ ತರುತ್ತದೆ, ಅಷ್ಟೆ. ಆ ಸರಾಸರಿಯೇ ಹಿತವಾಗಿದ್ದರೆ ಮನೆ ಹಿತ. ಗೋವೆಯಲ್ಲಿ ಜನವರಿಯ ಹಗಲು 32 ಡಿಗ್ರಿಯ ಆಸುಪಾಸಿಗೆ ಏರಿ ರಾತ್ರಿ 20ಕ್ಕೆ ಇಳಿಯುತ್ತದೆ. ಹನ್ನೆರಡು ಡಿಗ್ರಿಯ ಅಂತರ, ಸರಾಸರಿ 26. ಭಾರದ ಗೋಡೆಗೆ ಇದಕ್ಕಿಂತ ಒಳ್ಳೆಯ ತಿಂಗಳು ಬೇಡ. ಮೇ ತಿಂಗಳಲ್ಲಿ ಹಗಲು 33, ರಾತ್ರಿ 26 ಅಥವಾ 27. ಸರಾಸರಿ ಮೂವತ್ತರ ಹತ್ತಿರ. ಗೋಡೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದರೂ ಕೋಣೆ ಮೂವತ್ತರಲ್ಲಿ ನಿಲ್ಲುತ್ತದೆ, ಅದೂ ಬೆವರು ಆರದ ತೇವದ ಗಾಳಿಯಲ್ಲಿ. ಕಲಬುರಗಿ, ವಿಜಯಪುರದ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹಗಲು ನಲವತ್ತು ದಾಟಿದರೂ ಗಾಳಿ ಒಣ, ರಾತ್ರಿ ಹಗಲುಗಳ ಅಂತರ ದೊಡ್ಡದು; ಕಿಟಕಿ ಸಣ್ಣದಾಗಿಟ್ಟು ಹಗಲೆಲ್ಲ ಮುಚ್ಚಿಕೊಂಡರೆ ಗೋಡೆಯೇ ಕಾಪಾಡುತ್ತದೆ. ಆ ಮನೆಯನ್ನು ಹಾಗೆಯೇ ಎತ್ತಿ ಕುಂಡಯಿಗೆ ತಂದಿಟ್ಟರೆ ಮೇ ತಿಂಗಳಲ್ಲಿ ಒಳಗೆ ಕೂರಲಾಗದು.

ಜನವರಿಯ ರಾತ್ರಿಯ ತಂಪನ್ನು ಗೋಡೆಗೆ ತುಂಬುವುದಕ್ಕೆ ಎಷ್ಟು ಗಾಳಿ ಬೇಕೆಂಬುದನ್ನು ಒಂದು ಕೋಣೆಯ ಮೇಲೆ ಲೆಕ್ಕ ಹಾಕಿ ನೋಡಬಹುದು. ಕೋಣೆ ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಗೋಡೆಯ ಎತ್ತರ ಮೂರು ಮೀಟರ್ ಎಂದಿಟ್ಟುಕೊಳ್ಳೋಣ. ಗೋಡೆಗಳ ಮೈ 54 ಚದರ ಮೀಟರ್. ಒಳಮೈಯ ಹತ್ತು ಸೆಂಟಿಮೀಟರನ್ನು ಮಾತ್ರ ಎಣಿಸಿದರೆ 5.4 ಘನ ಮೀಟರ್ ಕಲ್ಲು. ಅದನ್ನು ಒಂದು ಡಿಗ್ರಿ ತಣಿಸಲು ಸುಮಾರು 86 ಲಕ್ಷ ಜೂಲ್ ಶಾಖವನ್ನು ಹೊರಗೆ ಒಯ್ಯಬೇಕು. ಒಳಬರುವ ಗಾಳಿ ಗೋಡೆಗಿಂತ ಮೂರು ಡಿಗ್ರಿ ತಣ್ಣಗಿದ್ದು, ಅದು ಗೋಡೆಯಷ್ಟೇ ಬೆಚ್ಚಗಾಗಿ ಹೊರಹೋಗುತ್ತದೆ ಎಂದರೂ 2,400 ಘನ ಮೀಟರ್ ಗಾಳಿ ಹಾಯಬೇಕು. ಅಂದರೆ ಕೋಣೆಯ ಗಾಳಿ ನಲವತ್ತು ಸಲ ಪೂರ್ತಿ ಬದಲಾಗಬೇಕು. ಗಾಳಿ ಎಷ್ಟೇ ಬೀಸಿದರೂ ಗೋಡೆಯ ಮೈ ಶಾಖವನ್ನು ಬಿಟ್ಟುಕೊಡುವ ವೇಗಕ್ಕೂ ಒಂದು ಮಿತಿಯಿದೆ. ಆ ದಾರಿಯಿಂದ ಲೆಕ್ಕ ಹಾಕಿದರೂ ಸುಮಾರು ಐದು ಗಂಟೆಯಾಗುತ್ತದೆ. ಮಲಗುವ ಮುನ್ನ ಒಂದು ಗಂಟೆ ಕಿಟಕಿ ತೆರೆದರೆ ಗಾಳಿ ತಣ್ಣಗಾಗುತ್ತದೆಯೇ ಹೊರತು ಗೋಡೆ ತಣ್ಣಗಾಗುವುದಿಲ್ಲ. ರಾತ್ರಿಯಿಡೀ ತೆರೆದಿಟ್ಟು ಬೆಳಗ್ಗೆ ಒಂಬತ್ತರ ಹೊತ್ತಿಗೆ ಮುಚ್ಚಿದವರಿಗಷ್ಟೇ ಆ ಒಂದು, ಒಂದೂವರೆ ಡಿಗ್ರಿಯ ಲಾಭ.

ಈ ರಾತ್ರಿ ಕೆಲಸದಲ್ಲಿ ಅಂಗಳದ ಪಾಲು ದೊಡ್ಡದು. ಕಳ್ಳಕಾಕರ ಭಯದಿಂದ ಹೊರಗಿನ ಕಿಟಕಿ ಮುಚ್ಚಿದರೂ ಅಂಗಳದ ಕಡೆಯ ಬಾಗಿಲುಗಳನ್ನು ಬೆಳಗಿನವರೆಗೆ ತೆರೆದಿಡಬಹುದು. ಇನ್ನೊಂದು ಕಾರಣವೂ ಇದೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ಹಂಚು ಆಕಾಶದತ್ತ ಶಾಖ ಸೂಸಿ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಅದಕ್ಕೆ ತಾಗಿ ತಣಿದ ಗಾಳಿ ಭಾರವಾಗಿ, ಒಳಮುಖವಾಗಿ ಇಳಿಜಾರಾದ ಮಾಡಿನಿಂದ ಜಾರಿ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿಂದ ಜಗಲಿ, ಜಗಲಿಯಿಂದ ಕೋಣೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಮೇ ತಿಂಗಳ ರಾತ್ರಿಯಲ್ಲಿ ಗಾಳಿಯ ತೇವ ಆಕಾಶಕ್ಕೆ ಹೋಗುವ ಶಾಖವನ್ನು ಬಹುಪಾಲು ತಡೆಯುವುದರಿಂದ ಲಾಭ ತೀರ ಕಡಿಮೆ.

ಹಗಲಿನ ಅಂಗಳದ ಬಗ್ಗೆ ತಪ್ಪು ಕಲ್ಪನೆ ಹೆಚ್ಚು. ಅದು ನೆರಳಿನ ಬಾವಿಯಂತಿರುತ್ತದೆ ಎಂದು ಹಲವರು ಬರೆಯುತ್ತಾರೆ. ಕುಂಡಯಿ ಇರುವುದು ಉತ್ತರ ಅಕ್ಷಾಂಶ 15.4 ಡಿಗ್ರಿಯ ಹತ್ತಿರ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನಾಲ್ಕು ಮೀಟರ್ ಚೌಕದ ಅಂಗಳ, ಮೂರು ಮೀಟರ್ ಎತ್ತರದ ಸೂರು ಎಂದುಕೊಂಡರೆ, ಮೇ ಆರಂಭದಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ನೆಲಕ್ಕೆ ಬಿಸಿಲು ತಾಗಲು ಶುರು. ಹತ್ತೂಕಾಲಿನ ಹೊತ್ತಿಗೆ ಅರ್ಧ ಅಂಗಳ ಬಿಸಿಲು. ಹನ್ನೆರಡೂವರೆಗೆ ಎಲ್ಲೂ ನೆರಳಿಲ್ಲ. ಸಂಜೆ ನಾಲ್ಕು ದಾಟಿದ ಮೇಲೆ ಮತ್ತೆ ಪೂರ್ತಿ ನೆರಳು. ಡಿಸೆಂಬರ್ 21ರ ನಡು ಹಗಲಿನಲ್ಲಾದರೋ ದಕ್ಷಿಣದ ಮಾಡು ಸುಮಾರು 2.4 ಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ನೆರಳು ಬೇಕಾದ ಕಾಲಕ್ಕೆ ಇಲ್ಲ, ಬೇಡದ ಕಾಲಕ್ಕೆ ಇದೆ. ಆದ್ದರಿಂದ ಬೇಸಿಗೆಯ ಹಗಲಲ್ಲಿ ಕೋಣೆಗಳನ್ನು ಕಾಯುವುದು ಅಂಗಳವನ್ನು ಸುತ್ತಿದ ಜಗಲಿ. ಬಿಸಿಲು ನೆಲದ ಮೇಲೇ ಉಳಿಯುತ್ತದೆ; ಸೂರಿನ ಕೆಳಗೆ ಹಿಂದಕ್ಕೆ ಸರಿದ ಗೋಡೆಯನ್ನು ಮುಟ್ಟುವುದಿಲ್ಲ. ಜಗಲಿಯನ್ನು ಮುಚ್ಚಿ ಕೋಣೆ ಮಾಡಿಕೊಂಡ ಮನೆಗಳಲ್ಲಿ ಈ ರಕ್ಷಣೆ ಹೋಗುತ್ತದೆ.

ಬಿಸಿಯಾದ ಆ ಅಂಗಳದ ಗಾಳಿ ಮೇಲೇರುವುದು ನಿಜ. ಅದು ಎಷ್ಟು ಬಲವಾಗಿ ಕೋಣೆಯ ಗಾಳಿಯನ್ನು ಎಳೆಯುತ್ತದೆ? ನಾಲ್ಕು ಮೀಟರ್ ಎತ್ತರಕ್ಕೆ, ಮೂರು ಡಿಗ್ರಿ ಉಷ್ಣ ವ್ಯತ್ಯಾಸಕ್ಕೆ ಹುಟ್ಟುವ ಒತ್ತಡ ಅರ್ಧ ಪ್ಯಾಸ್ಕಲಿಗಿಂತ ಕಡಿಮೆ. ಸೆಕೆಂಡಿಗೆ ಎರಡು ಮೀಟರ್ ವೇಗದ ಮೆಲುಗಾಳಿ ಗೋಡೆಗೆ ಬಡಿದರೆ ಬರುವ ಒತ್ತಡ ಎರಡು ಪ್ಯಾಸ್ಕಲಿಗಿಂತ ಹೆಚ್ಚು, ಅಂದರೆ ಸುಮಾರು ಐದು ಪಟ್ಟು. ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನದ ನಂತರ ಪಶ್ಚಿಮದ ಕಡೆಯಿಂದ ಬೀಸುವ ಕಡಲ ಗಾಳಿಗೆ ದಾರಿ ಮಾಡಿಕೊಟ್ಟರೆ ಅಂಗಳದ ಎಳೆತವನ್ನು ನೆಚ್ಚಬೇಕಾಗಿಲ್ಲ. ಗಾಳಿ ಪೂರ್ತಿ ಬಿದ್ದುಹೋದ ಗಳಿಗೆಗಳಲ್ಲಿ, ಗುಡ್ಡದ ಮರೆಯಲ್ಲಿರುವ ಮನೆಗಳಲ್ಲಿ ಮಾತ್ರ ಆ ಎಳೆತವೇ ಗತಿ. ಮತ್ತು ಅದು ಉಪಯೋಗಕ್ಕೆ ಬರಬೇಕಾದರೆ ಹೊರಗಿನ ಗಾಳಿ ತಣ್ಣನೆಯ ಕಡೆಯಿಂದ ಒಳಬರಬೇಕು.

ಅಂತ್ರುಜಿನ ಮನೆಗಳ ವಿನ್ಯಾಸ ಇಲ್ಲಿಯೇ ಮೆಚ್ಚುಗೆ ಹುಟ್ಟಿಸುತ್ತದೆ. ಮುಂಬಾಗಿಲು, ಚಾವಡಿ, ರಾಜಾಂಗಣ, ಅದರಾಚೆಯ ಒಳಜಗಲಿ, ಹಿಂಬಾಗಿಲು ಒಂದೇ ಸಾಲಿನಲ್ಲಿ ಬರುವಂತೆ ಇಡುವುದು ವಾಡಿಕೆ. ಮುಂಬಾಗಿಲಲ್ಲಿ ನಿಂತರೆ ಹಿಂದಿನ ತೋಟದ ಹಸಿರು ಕಾಣುತ್ತದೆ. ಕುಳಾಗರದಲ್ಲಿ ಅಡಿಕೆ ಮರಗಳ ಎತ್ತರದ ನೆರಳು, ಕೆಳಗೆ ಬಾಳೆ, ನೆಲದಲ್ಲಿ ಹರಿಯುವ ನೀರು. ಹಗಲು ಅಲ್ಲಿನ ಗಾಳಿ ಬಯಲಿನ ಗಾಳಿಗಿಂತ ತಣ್ಣಗಿರುತ್ತದೆ. ಬಿಸಿಲು ಕುಡಿದ ಅಂಗಳದ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಬರುವುದು ಈ ತೋಟದ ಗಾಳಿ. ಇಲ್ಲಿ ನಿಜವಾದ ತಂಪಿನ ಮೂಲ ತೋಟ, ಅಂಗಳ ಅದನ್ನು ಕರೆಸಿಕೊಳ್ಳುವ ದಾರಿ. ಹಿತ್ತಲಿನ ತೋಟ ಕಡಿದು ಸಿಮೆಂಟು ಅಂಗಳ ಮಾಡಿದ ಮೇಲೆ ಒಳ ಅಂಗಳ ಹಾಗೆಯೇ ಇದ್ದರೂ ಮನೆ ಬಿಸಿಯಾಯಿತು ಎನ್ನುವವರ ದೂರಿಗೆ ಇದೇ ಕಾರಣ.

ಮೇ ತಿಂಗಳಲ್ಲಿ ಗಾಳಿ ಕೋಣೆಯನ್ನು ತಣಿಸುವುದಿಲ್ಲ, ಮನುಷ್ಯನನ್ನು ತಣಿಸುತ್ತದೆ. ಚರ್ಮದ ಉಷ್ಣಾಂಶ 34 ಡಿಗ್ರಿಯ ಆಸುಪಾಸು. ಗಾಳಿ ಅದಕ್ಕಿಂತ ಕಡಿಮೆ ಇರುವವರೆಗೆ, ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದ ಗಾಳಿ ಮೈಗೆ ತಾಗಿದರೆ ಉಷ್ಣಾಂಶ ಎರಡು ಡಿಗ್ರಿಗೂ ಮಿಕ್ಕಿ ಇಳಿದಷ್ಟು ಹಿತವಾಗುತ್ತದೆ. ಹಾಗಾಗಿ ಚಳಿಗಾಲದ ನಿಯಮ ಇಲ್ಲಿ ತಿರುಗುಮುರುಗಾಗುತ್ತದೆ: ಜನವರಿಯಲ್ಲಿ ಹಗಲು ಮುಚ್ಚಿಡಬೇಕಾದ ಕಿಟಕಿಯನ್ನು ಮೇ ತಿಂಗಳಲ್ಲಿ ಹಗಲೆಲ್ಲ ತೆರೆದಿಡಬೇಕು. ಕುಳಿತವನ ಎದೆಯ ಮಟ್ಟಕ್ಕೆ ಗಾಳಿ ಬರುವಂತೆ ಕಿಟಕಿಯ ಕೆಳಗಟ್ಟು ತಗ್ಗಿನಲ್ಲಿರಬೇಕು. ಊಟವಾದ ಮೇಲೆ ಜನ ಒಳಕೋಣೆ ಬಿಟ್ಟು ಜಗಲಿಯಲ್ಲಿ, ಬಾಗಿಲ ಸಾಲಿನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದದ್ದು ಗಾಳಿಯ ದಾರಿ ಬಲ್ಲದ್ದರಿಂದ. ಇಂದು ಫ್ಯಾನು ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ತಣ್ಣನೆಯ ಗೋಡೆಯ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಕೂರುವುದರಲ್ಲಿ ಸಂಪ್ರದಾಯಕ್ಕೆ ಅಪಚಾರವೇನೂ ಇಲ್ಲ.

ನೆತ್ತಿಯ ಮೇಲಿನ ಸೂರ್ಯನ ಹೊಡೆತ ಬೀಳುವುದು ಗೋಡೆಗಿಂತ ಹೆಚ್ಚಾಗಿ ಮಾಡಿಗೆ. ಮೊದಲು ಇದ್ದದ್ದು ಅರ್ಧ ಕೊಳವೆಯಾಕಾರದ ನಾಡಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿತು. ಹಂಚು ತೆಳು, ನಡು ಹಗಲಿನಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಸಂಜೆ ಬಿಸಿಲು ಇಳಿದ ಕೆಲವೇ ಹೊತ್ತಿನಲ್ಲಿ ತಣಿಯುತ್ತದೆ. ಹಂಚುಗಳ ಸಂದಿನಿಂದ ಮೇಲಿನ ಬಿಸಿಗಾಳಿ ಸೋರಿಹೋಗುತ್ತದೆ. ಕಾದ ಹಂಚು ಕೆಳಕ್ಕೆ ಸೂಸುವ ಶಾಖವನ್ನು ತಡೆಯುವುದು ಹಲಗೆಯ ಅಟ್ಟ. ಅಟ್ಟವಿದ್ದ ಕೋಣೆಗೂ ಬರೀ ಹಂಚಿನ ಕೆಳಗಿನ ಕೋಣೆಗೂ ಮಧ್ಯಾಹ್ನ ಒಂದು ಗಂಟೆಗೆ ಇರುವ ವ್ಯತ್ಯಾಸ ತಲೆಗೇ ತಿಳಿಯುತ್ತದೆ.

ಹಂಚು ತೆಗೆದು ಕಾಂಕ್ರೀಟ್ ತಾರಸಿ ಹಾಕಿದಾಗ ಉಷ್ಣರಾಶಿ ತಲೆಯ ಮೇಲೆ ಬರುತ್ತದೆ. ಹನ್ನೆರಡು ಸೆಂಟಿಮೀಟರಿನ ತಾರಸಿ ಮಧ್ಯಾಹ್ನದ ಬಿಸಿಯನ್ನು ಮೂರು ನಾಲ್ಕು ಗಂಟೆ ತಡವಾಗಿ ಕೆಳಗೆ ದಾಟಿಸುತ್ತದೆ ಮತ್ತು ಮಲಗುವ ಹೊತ್ತಿನವರೆಗೂ ಸೂಸುತ್ತಲೇ ಇರುತ್ತದೆ. ಗೋಡೆಯಲ್ಲಿ ಒಳ್ಳೆಯದಾಗಿದ್ದ ಗುಣವೇ ಬಿಸಿಲಿಗೆ ನೇರ ಒಡ್ಡಿದ ಮಾಡಿನಲ್ಲಿ ಕೇಡಾಗುತ್ತದೆ. ರಾತ್ರಿ ಒಂಬತ್ತಕ್ಕೆ ಏಣಿ ಹತ್ತಿ ತಾರಸಿಯ ಅಡಿಮೈಗೆ ಅಂಗೈ ಇಟ್ಟು ನೋಡಿದರೆ ಸಾಕು. ಗೋಡೆ ತಣ್ಣಗಿದ್ದು ತಾರಸಿ ಬೆಚ್ಚಗಿದ್ದರೆ ಸೆಕೆಯ ಮೂಲ ಗೊತ್ತಾದಂತೆ.

ಮಳೆಗಾಲದಲ್ಲಿ ಎರಡೂ ಉಪಾಯಗಳ ಬಲ ಕುಗ್ಗುತ್ತದೆ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹಗಲು ರಾತ್ರಿಯ ಅಂತರ ನಾಲ್ಕೈದು ಡಿಗ್ರಿ ಮಾತ್ರ. ಚಿರೆಕಲ್ಲು ನೀರು ಕುಡಿಯುತ್ತದೆ. ಒದ್ದೆಯಾದ ಕಲ್ಲು ಶಾಖವನ್ನು ಬೇಗ ದಾಟಿಸುತ್ತದೆ. ಉದ್ದನೆಯ ಸೂರು, ಎತ್ತರದ ಪಂಚಾಂಗ, ಪಶ್ಚಿಮದ ಗೋಡೆಗೆ ಮಳೆಗಾಲಕ್ಕೆ ಮುಂಚೆ ಕಟ್ಟುವ ಹೆಣೆದ ತೆಂಗಿನ ಮಡಲು, ಎಲ್ಲ ಗೋಡೆಯನ್ನು ಒಣಗಿಡುವುದಕ್ಕೆ. ಹಳೆಯ ಸುಣ್ಣದ ಗಾರೆ ಕಲ್ಲಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಗಿಲಾಯಿ ಮಾಡಿ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ನೆಲದಿಂದ ಏರಿದ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೆಲದಿಂದ ಮೊಣಕಾಲು, ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಕಾಣಿಸಿಕೊಂಡರೆ ಅದೇ ಗುರುತು. ಮೊದಲ ಮಳೆಯ ದಿನಗಳಲ್ಲಿ ತಣ್ಣನೆಯ ಕಲ್ಲುನೆಲ ಬೆವರಿದಂತೆ ಒದ್ದೆಯಾಗುವುದು ಬೇರೆ ಸಂಗತಿ. ಅದು ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾದದ್ದು. ಆ ಒಂದೆರಡು ದಿನ ಬಾಗಿಲು ಕಡಿಮೆ ತೆರೆದರೆ ಸರಿಹೋಗುತ್ತದೆ.

ಇಂದು ರಾಜಾಂಗಣಗಳಿಗೆ ಹೆಚ್ಚು ಹಾನಿ ಆಗುತ್ತಿರುವುದು ಮಳೆಯ ಕಾರಣದಿಂದಲೇ. ಅಂಗಳ ತೊಳೆಯುವ, ಜಗಲಿ ಒರೆಸುವ ಕೆಲಸ ತಪ್ಪಿಸಲು ಮೇಲೆ ಪಾರದರ್ಶಕ ಶೀಟು ಹೊದಿಸುತ್ತಾರೆ. ಬಿಸಿಲು ಒಳಗೆ ಬರುತ್ತದೆ, ಕಾದ ನೆಲದ ಶಾಖ ಹೊರಗೆ ಹೋಗುವುದಿಲ್ಲ, ರಾತ್ರಿ ಮಾಡಿನಿಂದ ಇಳಿಯಬೇಕಾದ ತಣ್ಣನೆಯ ಗಾಳಿಗೂ ದಾರಿ ಇಲ್ಲ. ಇಂಥ ಬದಲಾವಣೆಯಿಂದ ಏನಾಯಿತೆಂದು ತಿಳಿಯಲು ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಎರಡು ಸಾದಾ ಉಷ್ಣಮಾಪಕ ಸಾಕು. ಒಂದನ್ನು ಹೊರಗೆ ನೆರಳಿನಲ್ಲಿ, ಇನ್ನೊಂದನ್ನು ಒಳಕೋಣೆಯಲ್ಲಿ ಗೋಡೆಗೆ ತಾಗದಂತೆ ತೂಗುಹಾಕಿ ಒಂದು ವಾರ ಬರೆದಿಡಬೇಕು. ಜನವರಿಯಲ್ಲಿ ಹೊರಗಿನ ಏರಿಳಿತ ಹನ್ನೆರಡು ಡಿಗ್ರಿ ಇದ್ದು ಒಳಗೆ ಮೂರು ನಾಲ್ಕು ಡಿಗ್ರಿಯಲ್ಲಿದ್ದರೆ ಗೋಡೆ ದುಡಿಯುತ್ತಿದೆ. ಒಳಗಿನ ಕನಿಷ್ಠವು ಹೊರಗಿನ ಸರಾಸರಿಗಿಂತ ಮೇಲೆಯೇ ನಿಂತಿದ್ದರೆ ರಾತ್ರಿಯ ಗಾಳಿ ಒಳಗೆ ಬರುತ್ತಿಲ್ಲ. ಗಾಳಿಯ ದಾರಿಯನ್ನು ನೋಡಲು ಊದುಬತ್ತಿ ಹಚ್ಚಿ ಬಾಗಿಲ ಸಾಲಿನಲ್ಲಿ ಹಿಡಿದರೆ ಹೊಗೆ ಯಾವ ಕಡೆ ವಾಲುತ್ತದೆ, ಎಲ್ಲಿ ನೆಟ್ಟಗೆ ನಿಲ್ಲುತ್ತದೆ ಎಂಬುದು ಕಾಣುತ್ತದೆ.

ಮಳೆಗೆ ಮುಚ್ಚಲೇಬೇಕಾದವರು ಶೀಟನ್ನು ಸೂರಿಗೆ ಅಂಟಿಸದೆ, ಮಾಡಿನಿಂದ ಅರ್ಧ ಮೀಟರಾದರೂ ಮೇಲಕ್ಕೆ ಎತ್ತಿ, ನಾಲ್ಕೂ ಬದಿ ತೆರೆದಿಟ್ಟು, ಅಂಚನ್ನು ಹಂಚಿನ ಮೇಲೆ ಚಾಚಿಸಿ ಕಟ್ಟಿಸುವುದು ಮೇಲು. ಬಿಸಿಗಾಳಿ ಹೊರಹೋಗಲು ಅಷ್ಟು ಸಂದು ಸಾಕು. ಅಕ್ಟೋಬರಿನಲ್ಲಿ ಬಿಚ್ಚಿಡುವಂತೆ ಕಟ್ಟಿಸಿದರೆ ಚಳಿಗಾಲದ ರಾತ್ರಿಗಳೂ ಅಂಗಳಕ್ಕೆ ಸಿಗುತ್ತವೆ.